ಡೇಟ್ ಹತ್ತಿರ ಬಂದಾಗ ಎರಡು ಕೆಜಿ ಏರೋದು: ಇದು ಕೊಬ್ಬಾ, ನೀರಾ?

ಮಳೆಹುಡುಗಿ, ಗೋಣಿಕೊಪ್ಪ (ಅಕ್ಟೋಬರ್ 2, ಬೆಳಿಗ್ಗೆ)

ಅಳು ಬರ್ತಿದೆ, ಅದಕ್ಕೇ ಬರೀತಿದ್ದೀನಿ. ನನಗೆ 29 ವರ್ಷ. ಕೈಲ್ ಪೊಳ್ದ್ ಊಟ ಮುಗಿಸಿ, ಮರುದಿನ ಮುಟ್ಟಾಗಿ, ಅದರ ಮರುದಿನ, ಅಂದ್ರೆ ಸೆಪ್ಟೆಂಬರ್ 5ಕ್ಕೆ ತೂಕ ನೋಡಿದ್ರೆ 61.2. ಅವತ್ತೇ ಡಯಟ್ ಶುರು ಮಾಡ್ದೆ. ಪಂದಿ ಕರಿ ಬಂದ್, ರಾತ್ರಿ ಒಟ್ಟಿ ಬದಲು ಗಂಜಿ, ಕಾಫಿಗೆ ಸಕ್ಕರೆ ಇಲ್ಲ (ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಹಾಕ್ತಿದ್ದೆ). 11ನೇ ತಾರೀಕಿಗೆ 59.3! ಒಂದು ವಾರಕ್ಕೆ ಹತ್ತಿರ ಹತ್ತಿರ ಎರಡು ಕೆಜಿ. ಮನೆಯವರಿಗೆಲ್ಲ ಹೇಳ್ಕೊಂಡು ತಿರುಗಿದ್ದಾಯ್ತು.

24ಕ್ಕೆ 59.1. ಆಮೇಲೆ ಏನಾಯ್ತೋ ದೇವರಿಗೇ ಗೊತ್ತು. 28ಕ್ಕೆ 60. ಎದೆ ಕಲ್ಲಿನ ಹಾಗೆ ಭಾರ, ಮೆಟ್ಟಿಲು ಇಳಿಯುವಾಗ ಕೈ ಅಡ್ಡ ಹಿಡಿಬೇಕು. ಹೊಟ್ಟೆ ಉಬ್ಬಿ ಚೂಡಿದಾರದ ಲಾಡಿ ಸಡಿಲ ಮಾಡ್ಕೊಂಡು ಆಫೀಸಲ್ಲಿ ಕೂತಿದ್ದೆ. ಉಂಗುರ ಸೋಪು ಹಚ್ಚಿ ತೆಗೆದೆ. ಇವತ್ತು ಬೆಳಿಗ್ಗೆ ಮುಟ್ಟಾಯ್ತು, ತೂಕ 60.8. ಒಂದು ತಿಂಗಳು ಬಾಯಿ ಕಟ್ಟಿದ್ದಕ್ಕೆ ಸಿಕ್ಕಿದ್ದು 400 ಗ್ರಾಂ. ಎಂಟು ದಿನದಲ್ಲಿ 1.7 ಕೆಜಿ ಕೊಬ್ಬು ಬರುತ್ತಾ? ಪ್ರತಿ ಸಲ ಇದೇ ಹೊತ್ತಿಗೆ ಡಯಟ್ ಬಿಟ್ಟುಬಿಡ್ತೀನಿ. ಈ ಸಲವೂ ಬಿಡೋ ಮನಸ್ಸಾಗಿದೆ.

ಕಾವೇರಿ ತೀರ (ಅಕ್ಟೋಬರ್ 2)

ಮದುವೆ ಆಗಿದೆಯಾ ತಂಗಿ? ಎದೆ ಭಾರ, ತೂಕ ಜಾಸ್ತಿ ಅಂದ್ರೆ ಒಂದು ಸಲ ಟೆಸ್ಟ್ ಮಾಡ್ಸು. ನನ್ನ ನಾದಿನಿಗೆ ಹೀಗೇ ಆಗಿತ್ತು, ಸಿಹಿ ಸುದ್ದಿ ಇತ್ತು.

ಮಳೆಹುಡುಗಿ, ಗೋಣಿಕೊಪ್ಪ

ಅಕ್ಕ, ಇವತ್ತು ಬೆಳಿಗ್ಗೆ ಮುಟ್ಟಾಯ್ತು ಅಂತ ಬರ್ದಿದ್ದೀನಿ 🙂

ಕಾವೇರಿ ತೀರ

ಅಯ್ಯೋ, ಪೂರ್ತಿ ಓದಿರಲಿಲ್ಲ. ಬಿಸಿನೀರಿಗೆ ಜೇನು ಹಾಕ್ಕೊಂಡು ಕುಡಿ.

ಫಿಟ್ನೆಸ್ ತಮ್ಮ, ಕುಶಾಲನಗರ (ಅಕ್ಟೋಬರ್ 2)

ಅಕ್ಕ, ಟೆನ್ಷನ್ ಬೇಡ. ಲೆಕ್ಕ ಹಾಕಿ. ಒಂದು ಕೆಜಿ ಕೊಬ್ಬು ಅಂದ್ರೆ ಸುಮಾರು 7700 ಕ್ಯಾಲೊರಿ. 1.7 ಕೆಜಿಗೆ 13 ಸಾವಿರ ಆಯ್ತು. ಎಂಟು ದಿನಕ್ಕೆ ಹಂಚಿದ್ರೆ ದಿನಕ್ಕೆ 1600. ಅದೂ ದೇಹಕ್ಕೆ ಬೇಕಾದ್ದನ್ನೆಲ್ಲ ತಿಂದಾದ ಮೇಲೆ ಹೆಚ್ಚುವರಿ 1600. ಅಂದ್ರೆ ಮಾಮೂಲಿ ಊಟದ ಜೊತೆ ದಿನಾ ಹದಿನಾಲ್ಕು ಅಕ್ಕಿ ಒಟ್ಟಿ ಜಾಸ್ತಿ ತಿಂದಿರಬೇಕು. ತಿಂದಿದ್ದೀರಾ? ಇಲ್ಲ ಅಲ್ವಾ. ಹಾಗಾದ್ರೆ ಅದು ಪೂರ್ತಿ ನೀರು. ನನ್ನ ಜಿಮ್ಮಿಗೆ ಬರೋ ಅಕ್ಕಂದಿರಿಗೆಲ್ಲ ಹೇಳೋದು ಒಂದೇ: ಆ ವಾರ ನೀರು ಅರ್ಧಕ್ಕೆ ಇಳಿಸಿ, ಉಪ್ಪು ಪೂರ್ತಿ ಬಿಡಿ, ಊತ ತಾನೇ ಇಳಿಯುತ್ತೆ.

ನಿವೃತ್ತ ಸಿಸ್ಟರ್, ಮಡಿಕೇರಿ (ಅಕ್ಟೋಬರ್ 2, ರಾತ್ರಿ)

ತಮ್ಮಾ, ಒಟ್ಟಿ ಲೆಕ್ಕ ಚೆನ್ನಾಗಿದೆ, ಅದು ಸರಿ. ನೀರು ಅರ್ಧಕ್ಕೆ ಇಳಿಸಿ ಅಂದದ್ದು ತಪ್ಪು. ಅದಕ್ಕೆ ಆಮೇಲೆ ಬರ್ತೀನಿ.

ಮಳೆಹುಡುಗಿ, ನಾನು ಹೆಂಗಸರ ವಾರ್ಡಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದವಳು. ನಿನಗೆ ಮೋಸ ಆಗಿದ್ದು ಈ ವಾರ ಅಲ್ಲ, ಸೆಪ್ಟೆಂಬರ್ 5ಕ್ಕೆ. ಮುಟ್ಟಾದ ಎರಡನೇ ದಿನ ತೂಕ ನೋಡಿದೆ, ಅದರ ಹಿಂದೆಯೇ ಕೈಲ್ ಪೊಳ್ದ್ ಊಟ ಬೇರೆ. ಅಂದ್ರೆ ಮೈಯಲ್ಲಿ ನೀರು ತುಂಬಿಕೊಂಡಿದ್ದ ಹೊತ್ತಿಗೇ ಲೆಕ್ಕ ಶುರು ಮಾಡಿದೆ. ಮುಂದಿನ ಒಂದು ವಾರದಲ್ಲಿ ಇಳಿದ 1.9 ಕೆಜಿಯಲ್ಲಿ ಹೆಚ್ಚಿನ ಪಾಲು ಬಾತ್‌ರೂಮಿಗೆ ಹೋಗಿದೆ, ಡಯಟ್‌ನ ಖಾತೆಗೆ ಅಲ್ಲ. ಆಗ ಸುಳ್ಳು ಸಂತೋಷ ಪಟ್ಟೆ, ಈಗ ಸುಳ್ಳು ದುಃಖ ಪಡ್ತಿದ್ದೀಯ. ನಿಜವಾಗಿ ನೀನು ಎಷ್ಟು ಇಳಿದಿದ್ದೀಯ ಅನ್ನೋದು ಇವತ್ತು ಗೊತ್ತಾಗಲ್ಲ. ಇದೇ 9ನೇ ತಾರೀಕು, ಎಂಟನೇ ದಿನ ನೋಡು. ಅದನ್ನ ಸೆಪ್ಟೆಂಬರ್ 11ರ 59.3ಕ್ಕೆ ಹೋಲಿಸು. ಅದೂ ಎಂಟನೇ ದಿನವೇ ಆಗಿತ್ತು. ಅಲ್ಲಿವರೆಗೆ ಡಯಟ್ ಬಿಡಬೇಡ.

ಒಂದು ಪ್ರಶ್ನೆ. ಗಂಜಿ ಜೊತೆ ಏನು ನಂಚ್ಕೊಳ್ತಿದ್ದೆ?

ಮಳೆಹುಡುಗಿ, ಗೋಣಿಕೊಪ್ಪ (ಅಕ್ಟೋಬರ್ 3)

ಸಿಸ್ಟರ್... ಕರಿ ಬಿಟ್ಟಿದ್ನಲ್ಲ, ಅದಕ್ಕೆ ಒಣಮೀನು ಸುಟ್ಟು, ಇಲ್ಲಾಂದ್ರೆ ಉಪ್ಪಿನಕಾಯಿ. ಕೊನೇ ವಾರ ಮಳೆ ಬಿಡಲೇ ಇಲ್ಲ, ದಿನಾ ರಾತ್ರಿ ಅದೇ. ಅವ್ವ ಉಪ್ಪಲ್ಲಿ ಹಾಕಿಟ್ಟ ಕಣಿಲೆನೂ ಎರಡು ದಿನ ಮಾಡಿದ್ರು.

ನಿವೃತ್ತ ಸಿಸ್ಟರ್, ಮಡಿಕೇರಿ (ಅಕ್ಟೋಬರ್ 3)

ಅಂದುಕೊಂಡೆ.

ಉಪ್ಪು ಮತ್ತು ನೀರು ಒಟ್ಟಿಗೇ ಓಡಾಡೋದು. ವಾರ್ಡಲ್ಲಿ ಹಾಕೋ ಸಲೈನ್ ಬಾಟಲಿ ನೋಡಿರ್ತೀಯ. ಒಂದು ಲೀಟರಿಗೆ 9 ಗ್ರಾಂ ಉಪ್ಪು ಇರುತ್ತೆ, ನಮ್ಮ ಮೈ ನೀರೂ ಹೆಚ್ಚುಕಮ್ಮಿ ಅದೇ ಹದ. ಹಾಗಾಗಿ ಮೈಯಲ್ಲಿ 9 ಗ್ರಾಂ ಉಪ್ಪು ಹೆಚ್ಚಿಗೆ ನಿಂತರೆ ಒಂದು ಲೀಟರ್ ನೀರೂ ಅದರ ಜೊತೆ ನಿಲ್ಲುತ್ತೆ, ತಕ್ಕಡಿಯಲ್ಲಿ ಒಂದು ಕೆಜಿ ಕಾಣುತ್ತೆ. 9 ಗ್ರಾಂ ಅಂದ್ರೆ ಒಂದೂವರೆ ಚಮಚ. ಬೇರೆ ದಿನಗಳಲ್ಲಿ ಉಪ್ಪು ಜಾಸ್ತಿ ತಿಂದ್ರೆ ಮೂತ್ರಪಿಂಡ ಒಂದೆರಡು ದಿನದಲ್ಲಿ ಹೊರಗೆ ಹಾಕಿ ಲೆಕ್ಕ ಚುಕ್ತಾ ಮಾಡುತ್ತೆ. ಡೇಟ್ ಹಿಂದಿನ ದಿನಗಳಲ್ಲಿ ಹಲವರಿಗೆ ಅದು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತೆ.

ಯಾಕೆ ಅಂದ್ರೆ, ಅಂಡ ಬಿಡುಗಡೆ ಆದ ಮೇಲೆ ಎರಡು ವಾರ ಪ್ರೊಜೆಸ್ಟರಾನ್ ಏರಿರುತ್ತೆ. ವಿಚಿತ್ರ ಏನಂದ್ರೆ ಈ ಪ್ರೊಜೆಸ್ಟರಾನ್ ತಾನಾಗಿ ಉಪ್ಪನ್ನ ಹೊರಗೇ ಕಳಿಸುತ್ತೆ. ಉಪ್ಪು ಹೋಗ್ತಿದೆ ಅಂತ ದೇಹ ಗಾಬರಿ ಬಿದ್ದು ಉಪ್ಪು ಉಳಿಸೋ ಇನ್ನೊಂದು ಹಾರ್ಮೋನನ್ನ ಏರಿಸುತ್ತೆ. ಇದೇ ಹೊತ್ತಲ್ಲಿ ಸಣ್ಣ ರಕ್ತನಾಳಗಳ ಗೋಡೆಯಿಂದ ನೀರು ಸ್ವಲ್ಪ ಹೆಚ್ಚಿಗೆ ಹೊರಗೆ ಜಿನುಗಿ ಮಾಂಸದ ಸಂದಿಯಲ್ಲಿ ನಿಲ್ಲುತ್ತೆ. ನಮ್ಮ ಗದ್ದೆ ಏರಿ ಒಸರಿದ ಹಾಗೆ. ಕಾಲುವೆಯಲ್ಲಿ ನೀರು ಕಡಿಮೆ ಆಯ್ತು ಅಂತ ಮೇಲಿನವನು ಇನ್ನಷ್ಟು ಬಿಡ್ತಾನೆ, ಆದ್ರೆ ನೀರು ಇರೋದು ಪಕ್ಕದ ಗದ್ದೆಯಲ್ಲಿ.

ಅದಕ್ಕೇ ಎರಡನ್ನ ಬೇರೆ ಬೇರೆ ನೋಡಬೇಕು. ನೀರು ಬರೀ ಜಾಗ ಬದಲಿಸಿದ್ರೆ ಉಂಗುರ ಬಿಗಿಯಾಗುತ್ತೆ, ಮುಖ ಊದುತ್ತೆ, ತೂಕ ಒಂದು ಗ್ರಾಮೂ ಏರಲ್ಲ. ಹೊಸ ನೀರು ಉಪ್ಪಿನ ಜೊತೆ ನಿಂತ್ರೆ ಮಾತ್ರ ತಕ್ಕಡಿ ಏರುತ್ತೆ. ಹೆಚ್ಚಿನವರಿಗೆ ಅದು ಸರಾಸರಿ ಅರ್ಧ ಕೆಜಿ ಆಸುಪಾಸು. ನಿನ್ನ 1.7ರಲ್ಲಿ ಒಣಮೀನಿನ ಪಾಲು ಇದೆ ಅಂತ ನನ್ನ ಅನುಮಾನ. ಕ್ಯಾಲೊರಿ ಉಳಿಸಿದೆ, ಉಪ್ಪು ಉಳಿಸಲಿಲ್ಲ.

ಈಗ ಫಿಟ್ನೆಸ್ ತಮ್ಮನಿಗೆ. ನೀರು ಕುಡಿಯೋದು ನಿಲ್ಲಿಸಿದ್ರೆ ದೇಹ ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತೆ, ಮೂತ್ರ ಹಳದಿಯಾಗಿ ಉರಿ ಶುರುವಾಗುತ್ತೆ, ಮಲಬದ್ಧತೆ ಜಾಸ್ತಿಯಾಗಿ ಹೊಟ್ಟೆ ಉಬ್ಬರ ಎರಡರಷ್ಟಾಗುತ್ತೆ. ಉಪ್ಪು ಪೂರ್ತಿ ಬಿಡೋದೂ ಬೇಡ. ಒಣಮೀನು, ಉಪ್ಪಿನಕಾಯಿ, ಹಪ್ಪಳ, ಪ್ಯಾಕೆಟ್ ಕುರುಕಲು ಒಂದು ವಾರ ಬಿಟ್ರೆ ಸಾಕು. ಸಾರಿಗೆ ಹಾಕೋ ಉಪ್ಪು ಹಾಕ್ಕೊಳ್ಳಿ.

ಫಿಟ್ನೆಸ್ ತಮ್ಮ, ಕುಶಾಲನಗರ

ಸರಿ ಸಿಸ್ಟರ್, ನೀರಿನ ವಿಷಯ ಒಪ್ಪಿದೆ. ಆದ್ರೆ ಒಂದು. ಆ ವಾರ ಅಕ್ಕಂದಿರಿಗೆ ಹಸಿವು ಜಾಸ್ತಿ, ಚಾಕಲೇಟು ಚಾಕಲೇಟು ಅಂತಾರೆ. ಅದರಿಂದ ಕೊಬ್ಬು ಬರಲ್ವಾ?

ನಿವೃತ್ತ ಸಿಸ್ಟರ್, ಮಡಿಕೇರಿ

ಬರುತ್ತೆ, ಆದ್ರೆ ಕಿಲೋಗಟ್ಟಲೆ ಅಲ್ಲ. ದಿನಕ್ಕೆ 200 ಕ್ಯಾಲೊರಿ ಹೆಚ್ಚು ತಿಂದು ಹತ್ತು ದಿನ ಕಳೆದ್ರೂ ನಿನ್ನ ಲೆಕ್ಕದಲ್ಲೇ ಕಾಲು ಕೆಜಿ ಅಷ್ಟೇ. ಆದ್ರೆ ಆ ಕಾಲು ಕೆಜಿ ನೀರಿನ ಜೊತೆ ವಾಪಸ್ ಹೋಗಲ್ಲ, ಅಲ್ಲೇ ಕೂತಿರುತ್ತೆ. ವರ್ಷಕ್ಕೆ ಹನ್ನೆರಡು ಸಲ ಹಾಗಾದ್ರೆ ನೋಡು. "ಎಲ್ಲ ನೀರೇ" ಅಂತ ಬಾಯಿ ಬಿಟ್ಟುಬಿಡೋರು ಮರೆಯೋದು ಇದನ್ನೇ.

ಹೊಲಿಗೆ ಮನೆ, ವಿರಾಜಪೇಟೆ (ಅಕ್ಟೋಬರ್ 3)

ನಾನು ಡಾಕ್ಟರೂ ಅಲ್ಲ ನರ್ಸೂ ಅಲ್ಲ, ಆದ್ರೆ ಟೇಪು ನನ್ನ ಕೈಲಿರೋದು 😀 ನಮ್ಮ ಕೊಡವ ಸೀರೆಗೆ ಉದ್ದ ತೋಳಿನ ರವಿಕೆ, ಮೈಗೆ ಅಂಟಿ ಕೂರಬೇಕು. ಅಳತೆ ಕೊಟ್ಟ ದಿನ 34 ಇದ್ದವರಿಗೆ ಮದುವೆ ದಿನ ಹುಕ್ಕೇ ಸೇರಲ್ಲ. ಮೊದಮೊದಲು ನನ್ನದೇ ತಪ್ಪು ಅಂತ ಬಿಚ್ಚಿ ಹೊಲೀತಿದ್ದೆ. ಒಬ್ಬಳು ಹುಡುಗಿ ನಾಚ್ಕೊಂಡು ಹೇಳಿದ್ಲು, "ಅಕ್ಕ, ಡೇಟ್ ಹತ್ತಿರ ಇದೆ, ನಾಲ್ಕು ದಿನ ಬಿಟ್ಟು ಸರಿಯಾಗುತ್ತೆ" ಅಂತ. ನಾಲ್ಕು ದಿನ ಬಿಟ್ಟು ಹಾಕಿದ್ಲು, ಸರಿಯಾಗೇ ಕೂತಿತು. ಅವತ್ತಿಂದ ಮದುವೆ ರವಿಕೆಗೆ ಎದೆ ಪಕ್ಕ ಎರಡೂ ಕಡೆ ಅರ್ಧರ್ಧ ಇಂಚು ಒಳಗೆ ಬಿಟ್ಟಿರ್ತೀನಿ. ಕೆಲವರಿಗೆ ಒಂದು ಇಂಚು ವ್ಯತ್ಯಾಸ ಬರುತ್ತೆ, ಕೆಲವರಿಗೆ ಏನೂ ಇಲ್ಲ.

ಸಿಸ್ಟರ್, ಎದೆಯಲ್ಲೂ ನೀರೇ ತುಂಬೋದಾ? ನನಗೂ ಆ ವಾರ ಕಂಕುಳ ತನಕ ನೋವು, ಗಂಟು ಗಂಟಾಗಿ ಕೈಗೆ ಸಿಗುತ್ತೆ. ಭಯ ಆಗುತ್ತೆ.

ನಿವೃತ್ತ ಸಿಸ್ಟರ್, ಮಡಿಕೇರಿ (ಅಕ್ಟೋಬರ್ 4)

ಎದೆಯಲ್ಲಿ ನೀರೂ ಇದೆ, ಹಾರ್ಮೋನಿಗೆ ಹಾಲಿನ ಗ್ರಂಥಿಗಳೇ ಉಬ್ಬೋದೂ ಇದೆ. ಪ್ರತಿ ತಿಂಗಳು ದೇಹ ಒಂದು ಬಸಿರಿಗೆ ತಯಾರಿ ಮಾಡ್ಕೊಂಡು, ಆಗ್ಲಿಲ್ಲ ಅಂದ್ರೆ ಗಂಟುಮೂಟೆ ಬಿಚ್ಚುತ್ತೆ. ಅದಕ್ಕೇ ಮೈಗೆಲ್ಲ ನೀರು ಇಳಿಸೋ ಉಪಾಯ ಎದೆನೋವಿಗೆ ಅಷ್ಟಾಗಿ ಹಿಡಿಯಲ್ಲ. ಅಳತೆ ಸರಿ ಇರೋ, ಗಟ್ಟಿ ಆಸರೆ ಕೊಡೋ ಬ್ರಾ ಹಾಕ್ಕೋ, ನೋವಿದ್ದ ರಾತ್ರಿಗಳಲ್ಲಿ ಮೆತ್ತನೆಯದು ಹಾಕ್ಕೊಂಡೇ ಮಲಗು. ಮೊಣಕಾಲಿಗೆ ಹಚ್ಚೋ ಡೈಕ್ಲೋಫೆನಾಕ್ ಜೆಲ್ ಇದೆಯಲ್ಲ, ಅದನ್ನ ಎದೆನೋವಿಗೂ ಡಾಕ್ಟರು ಹಚ್ಚಿಸ್ತಾರೆ, ಹಲವರಿಗೆ ಹಿಡಿಯುತ್ತೆ. ನಿನಗೆ ಆಗುತ್ತಾ ಅಂತ ಒಂದು ಮಾತು ಕೇಳಿಯೇ ಹಚ್ಚು. ಮಗುವಿಗೆ ಹಾಲು ಕೊಡೋರು, ಬಸಿರಿರಬಹುದಾದೋರು ತಾವಾಗೇ ಹಚ್ಚಬಾರದು.

ಗಂಟಿನ ಮಾತು. ಎರಡೂ ಕಡೆ, ಮೇಲ್ಭಾಗ ಕಂಕುಳ ಕಡೆಗೆ, ಅಕ್ಕಿಮೂಟೆ ಮುಟ್ಟಿದ ಹಾಗೆ ಹರಡಿಕೊಂಡು ಸಿಗೋದು, ಮುಟ್ಟು ಮುಗಿದ ಮೇಲೆ ಇಳಿಯೋದು, ಇದು ತಿಂಗಳ ಚಕ್ರದ್ದು. ಒಂದೇ ಕಡೆ, ಒಂದೇ ಜಾಗದಲ್ಲಿ, ಮುಟ್ಟು ಮುಗಿದು ವಾರ ಆದ್ರೂ ಹಾಗೇ ಕೂತಿರೋ ಗಂಟು, ಚರ್ಮ ಒಳಗೆ ಎಳೆದ ಹಾಗೆ ಗುಳಿ, ತೊಟ್ಟಿಂದ ರಕ್ತದ ಬಣ್ಣದ ನೀರು, ಇದ್ಯಾವುದಿದ್ರೂ ಮುಂದಿನ ತಿಂಗಳು ನೋಡೋಣ ಅನ್ನಬೇಡ. ನೋವಿಲ್ಲ ಅಂತ ಧೈರ್ಯ ತಂದ್ಕೊಳ್ಳೋದೂ ಬೇಡ. ಕೈಯಿಂದ ಮುಟ್ಟಿ ನೋಡ್ಕೊಳ್ಳೋದಾದ್ರೆ ಮುಟ್ಟಾದ ಏಳನೇ ದಿನದ ಆಸುಪಾಸು ನೋಡು. ಹಿಂದಿನ ವಾರ ಎಲ್ಲವೂ ಗಂಟಾಗೇ ಸಿಗುತ್ತೆ, ಸುಮ್ಮನೆ ನಿದ್ದೆ ಕೆಡುತ್ತೆ.

ತೋಟದ ಮನೆ ಆಂಟಿ, ಸಿದ್ದಾಪುರ (ಅಕ್ಟೋಬರ್ 4)

ಕಾಫಿ ಬಿಡಿ ಮಕ್ಕಳಾ. ಎದೆನೋವಿಗೆ ಕಾಫಿಯೇ ಕಾರಣ. ನಾನು ಬಿಟ್ಟ ಮೇಲೆ ಎದೆನೋವು ಮಾಯ. ಕಾಫಿ ತೋಟದವಳೇ ಹೇಳ್ತಿದ್ದೀನಿ ಅಂದ್ರೆ ನಂಬಿ.

ಮಳೆಹುಡುಗಿ, ಗೋಣಿಕೊಪ್ಪ

ಆಂಟಿ, ಸಕ್ಕರೆ ಬಿಟ್ಟಿದ್ದೇ ದೊಡ್ಡದು, ಈಗ ಕಾಫಿನೂ ಬಿಡು ಅಂದ್ರೆ ಕೊಡಗಲ್ಲಿ ಯಾಕಿರಬೇಕು 😭

ನಿವೃತ್ತ ಸಿಸ್ಟರ್, ಮಡಿಕೇರಿ

ಕಾಫಿ ವಿಷಯ ಇನ್ನೂ ಜಗಳದಲ್ಲೇ ಇದೆ. ಕೆಲವರಿಗೆ ಬಿಟ್ಟ ಮೇಲೆ ಆರಾಮ ಆಗಿದೆ, ಪರೀಕ್ಷೆ ಮಾಡಿ ನೋಡಿದಾಗ ಎಲ್ಲರಿಗೂ ಹಾಗೇ ಅಂತ ಸಾಬೀತಾಗಿಲ್ಲ. ಎದೆನೋವು ತಾನಾಗೇ ಕೆಲವು ತಿಂಗಳು ಬಂದು ಹೋಗೋ ಗುಣದ್ದು, ಹಾಗಾಗಿ ಆ ಹೊತ್ತಲ್ಲಿ ಏನು ಬಿಟ್ಟಿದ್ರೂ ಅದರದ್ದೇ ಗುಣ ಅನ್ನಿಸುತ್ತೆ. ಬೇಕಿದ್ರೆ ಮೂರು ತಿಂಗಳು ಬಿಟ್ಟು ನೋಡಿ. ಒಂದು ತಿಂಗಳಿಗೆ ತೀರ್ಮಾನ ಮಾಡಬೇಡಿ.

ಆಂಟಿ, ನಿಮಗೆ ಈಗ ವಯಸ್ಸೆಷ್ಟು?

ತೋಟದ ಮನೆ ಆಂಟಿ, ಸಿದ್ದಾಪುರ

47 ಮುಗಿದು 48. ಈಗ ಮುಟ್ಟು ಹೇಳದೆ ಕೇಳದೆ ಬರುತ್ತೆ, ಎರಡು ತಿಂಗಳಿಗೊಮ್ಮೆ. ಎದೆನೋವು ಹೋಯ್ತು, ಆದ್ರೆ ಹೊಟ್ಟೆ ಉಬ್ಬರ ಮಾತ್ರ ಬಿಟ್ಟಿಲ್ಲ. ಡೇಟ್ ಹತ್ತಿರ ಅಂತೇನಿಲ್ಲ, ಈಗ ಎರಡು ಮೂರು ತಿಂಗಳಿಂದ ದಿನಾ ಇದೆ. ಅರ್ಧ ಒಟ್ಟಿ ತಿಂದ್ರೆ ಹೊಟ್ಟೆ ತುಂಬಿದ ಹಾಗೆ. ಗ್ಯಾಸ್ ಮಾತ್ರೆ ತಗೊಳ್ತಿದ್ದೀನಿ.

ನಿವೃತ್ತ ಸಿಸ್ಟರ್, ಮಡಿಕೇರಿ

ಆಂಟಿ, ನಿಮ್ಮದು ಈ ಹುಡುಗಿಯ ಕಥೆ ಅಲ್ಲ. ತಿಂಗಳ ಉಬ್ಬರಕ್ಕೆ ಇಳಿಯೋ ದಿನ ಅಂತ ಒಂದಿರುತ್ತೆ. ನಿಮ್ಮದು ಇಳಿದೇ ಇಲ್ಲ. ಈ ವಯಸ್ಸಲ್ಲಿ ಹೊಸದಾಗಿ ಶುರುವಾಗಿ ದಿನಾ ಇರೋ ಉಬ್ಬರ, ಬೇಗ ಹೊಟ್ಟೆ ತುಂಬೋದು, ಇವೆರಡೂ ಸೇರಿದ್ರೆ ಅಂಡಾಶಯ ನೋಡಲೇಬೇಕು. ಮೂತ್ರಕ್ಕೆ ಮೇಲಿಂದ ಮೇಲೆ ಹೋಗೋದೂ ಇದೆಯಾ? ಏನೂ ಇಲ್ಲದೇ ಇರಬಹುದು, ಗಡ್ಡೆ ಇರಬಹುದು, ಬರೀ ಗ್ಯಾಸೇ ಇರಬಹುದು. ಸ್ಕ್ಯಾನ್ ಮಾಡಿಸದೆ ಯಾರಿಗೂ ಹೇಳೋಕಾಗಲ್ಲ. ಗ್ಯಾಸ್ ಮಾತ್ರೆ ನುಂಗ್ತಾ ಕೂರಬೇಡಿ.

ತೋಟದ ಮನೆ ಆಂಟಿ, ಸಿದ್ದಾಪುರ

ಸಂಕ್ರಮಣ ಕಳೀಲಿ, ತಲಕಾವೇರಿಗೆ ಹೋಗಿ ಬಂದು ತೋರಿಸ್ತೀನಿ.

ನಿವೃತ್ತ ಸಿಸ್ಟರ್, ಮಡಿಕೇರಿ

ಸಂಕ್ರಮಣಕ್ಕೆ ಇನ್ನೂ ಎರಡು ವಾರ ಇದೆ. ಸ್ಕ್ಯಾನಿಗೆ ಅರ್ಧ ದಿನ ಸಾಕು. ಮೊದಲು ಅದು.

ಸೋಮವಾರಪೇಟೆ ನಾನು (ಅಕ್ಟೋಬರ್ 5)

ಇದನ್ನ ಓದಿ ಸಮಾಧಾನ ಆಯ್ತು. ನನಗೂ ಎಂಟು ತಿಂಗಳಲ್ಲಿ 6 ಕೆಜಿ ಏರಿದೆ. ಪಿಸಿಓಡಿ ಇದೆ, ಮುಟ್ಟು 45 ದಿನಕ್ಕೋ 60 ದಿನಕ್ಕೋ. ಅಂದ್ರೆ ನನ್ನದೂ ನೀರೇ ಇರಬೇಕು, ಮುಟ್ಟಾಗದೆ ಒಳಗೇ ನಿಂತಿದೆ.

ನಿವೃತ್ತ ಸಿಸ್ಟರ್, ಮಡಿಕೇರಿ

ಇಲ್ಲಮ್ಮ, ಬೇಜಾರು ಮಾಡ್ಕೋಬೇಡ. ನೀರು ದಿನಗಳ ಲೆಕ್ಕದಲ್ಲಿ ಏರುತ್ತೆ, ದಿನಗಳ ಲೆಕ್ಕದಲ್ಲಿ ಇಳಿಯುತ್ತೆ. ತಿಂಗಳುಗಟ್ಟಲೆ ನಿಧಾನಕ್ಕೆ ಏರಿ ಒಮ್ಮೆಯೂ ಇಳಿಯದ 6 ಕೆಜಿ ಹೆಚ್ಚಾಗಿ ನಿಜವಾದ ತೂಕ. 6 ಲೀಟರ್ ನೀರು ಮೈಯಲ್ಲಿ ನಿಂತಿದ್ರೆ ಕಾಲು ನೋಡಿದ್ರೇ ಗೊತ್ತಾಗ್ತಿತ್ತು. ಮೊಣಕಾಲ ಕೆಳಗೆ ಮುಂದಿನ ಎಲುಬಿನ ಮೇಲೆ ಹೆಬ್ಬೆರಳಿಂದ ಹತ್ತು ಎಣಿಸೋವರೆಗೆ ಒತ್ತಿ ಬಿಡು. ಗುಳಿ ಬಿದ್ದು ಅಲ್ಲೇ ನಿಂತ್ರೆ ಅದು ನೀರು. ಅಂಥ ಗುಳಿ ಸಾಮಾನ್ಯ ತಿಂಗಳ ಊತಕ್ಕೆ ಬೀಳೋದು ಅಪರೂಪ. ಬಿದ್ರೆ ಮೂತ್ರಪಿಂಡ, ಹೃದಯ, ಲಿವರ್ ನೋಡಿಸಬೇಕು.

ನಿನಗೆ ಎಂಟನೇ ದಿನದ ಉಪಾಯವೂ ನಡೆಯಲ್ಲ. ಅದು ತಿಂಗಳು ತಿಂಗಳು ಅಂಡ ಬಿಡುಗಡೆ ಆಗೋರಿಗೆ. ನೀನು ವಾರಕ್ಕೆ ಮೂರು ದಿನ ಬೆಳಿಗ್ಗೆ ತೂಕ ನೋಡಿ ಸರಾಸರಿ ಬರೆದಿಡು, ಹದಿನೈದು ದಿನಕ್ಕೊಮ್ಮೆ ಸೊಂಟದ ಅಳತೆ. ಥೈರಾಯ್ಡ್ ನೋಡಿಸಿದ್ದೀಯಾ?

ಸೋಮವಾರಪೇಟೆ ನಾನು

ಎರಡು ವರ್ಷದ ಹಿಂದೆ ನಾರ್ಮಲ್ ಇತ್ತು. ಒತ್ತಿ ನೋಡ್ದೆ, ಗುಳಿ ಬೀಳ್ಲಿಲ್ಲ. ಬಿದ್ದಿದ್ರೆ ಚೆನ್ನಾಗಿತ್ತು ಅಂತ ಒಂದು ಕ್ಷಣ ಅನ್ನಿಸಿತು, ನಾಚಿಕೆ.

ನಿವೃತ್ತ ಸಿಸ್ಟರ್, ಮಡಿಕೇರಿ

ಎರಡು ವರ್ಷದ ಹಿಂದಿನದು ಈಗ ಲೆಕ್ಕಕ್ಕಿಲ್ಲ. ಸಕ್ಕರೆಯೂ ಸೇರಿಸಿ ಮಾಡಿಸು.

ಬೆಟ್ಟದ ದಾರಿ, ನಾಪೋಕ್ಲು (ಅಕ್ಟೋಬರ್ 5)

ನನ್ನ ತಾಯಿಗೆ ಕಾಲು ಊದಿದಾಗ ಡಾಕ್ಟರು ನೀರಿನ ಮಾತ್ರೆ ಕೊಟ್ಟಿದ್ರು. ಒಂದೇ ದಿನದಲ್ಲಿ ಊತ ಇಳಿದು ಎರಡು ಕೆಜಿ ಕಡಿಮೆ. ಉಳಿದದ್ದನ್ನ ನನ್ನ ಹೆಂಡತಿ ಡೇಟ್ ಹಿಂದಿನ ವಾರ ಅರ್ಧರ್ಧ ತಗೊಳ್ತಾಳೆ, ಉಬ್ಬರ ಇಳಿಯುತ್ತೆ ಅಂತಾಳೆ. ಮಳೆಹುಡುಗಿ ಅವರಿಗೂ ಉಪಯೋಗ ಆಗಬಹುದು ಅಂತ ಹೇಳಿದೆ.

ನಿವೃತ್ತ ಸಿಸ್ಟರ್, ಮಡಿಕೇರಿ

ಅಣ್ಣಾ, ಇವತ್ತೇ ನಿಲ್ಲಿಸಲಿಕ್ಕೆ ಹೇಳಿ. ನಿಮ್ಮ ತಾಯಿಯ ಮಾತ್ರೆ ಅವರ ಹೃದಯಕ್ಕೋ ಮೂತ್ರಪಿಂಡಕ್ಕೋ ಲೆಕ್ಕ ಹಾಕಿ ಕೊಟ್ಟದ್ದು. ಆ ಮಾತ್ರೆ ನೀರಿನ ಜೊತೆ ಪೊಟ್ಯಾಸಿಯಮನ್ನೂ ಎಳೆದು ಹಾಕುತ್ತೆ. ಕಾಲು ಸೆಳೆತ, ಸುಸ್ತು, ಎದೆ ಡವಡವ ಇದ್ಯಾ ಅಂತ ಕೇಳಿ ನೋಡಿ. ಇನ್ನೊಂದು ಆಟ ಇದೆ: ತಗೊಂಡಾಗ ನೀರು ಹೋಗುತ್ತೆ, ಬಿಟ್ಟಾಗ ದೇಹ ಹೋದದ್ದನ್ನೆಲ್ಲ ಬಡ್ಡಿ ಸಮೇತ ಹಿಡಿದುಕೊಳ್ಳುತ್ತೆ. ಊತ ಮೊದಲಿಗಿಂತ ಜಾಸ್ತಿಯಾಗಿ ಮತ್ತೆ ಮಾತ್ರೆ ಬೇಕೆನಿಸುತ್ತೆ. ಕೊಬ್ಬು ಮಾತ್ರ ಒಂದು ಗ್ರಾಮೂ ಕರಗಿರಲ್ಲ.

ತುಂಬಾ ಕಷ್ಟ ಇರೋರಿಗೆ ಸ್ಪೈರೊನೊಲ್ಯಾಕ್ಟೋನ್ ಅಂತ ಬೇರೆ ಮಾತ್ರೆ ಡಾಕ್ಟರು ಕೊಡೋದುಂಟು, ಅಂಡ ಬಿಡುಗಡೆಯ ನಂತರದ ದಿನಗಳಿಗೆ ಮಾತ್ರ. ಅದಕ್ಕೂ ರಕ್ತಪರೀಕ್ಷೆ ಬೇಕು, ಬಸಿರು ನಿಲ್ಲೋ ಸಾಧ್ಯತೆ ಇದ್ರೆ ಬೇಡ. ಸಾಮಾನ್ಯವಾಗಿ ಕ್ಯಾಲ್ಸಿಯಂನಿಂದ ಶುರು ಮಾಡೋದು ವಾಸಿ. ಹಾಲು, ಮೊಸರು, ರಾಗಿ, ಸಾಕಾಗದಿದ್ರೆ ಮಾತ್ರೆ. ಕ್ಯಾಲ್ಸಿಯಂಗೆ ಎರಡು ಮೂರು ತಿಂಗಳು ಬೇಕು. ಒಂದೇ ದಿನದಲ್ಲಿ ಎರಡು ಕೆಜಿ ಇಳಿಸೋ ಮಾಯ ಅದರಲ್ಲಿಲ್ಲ.

ಮಳೆಹುಡುಗಿ, ಗೋಣಿಕೊಪ್ಪ (ಅಕ್ಟೋಬರ್ 9)

ಸಿಸ್ಟರ್!! ಎಂಟನೇ ದಿನ. 58.6.

ಪೂರ್ತಿ ಹೇಳ್ತೀನಿ. 4ಕ್ಕೆ 59.9, 6ಕ್ಕೆ 59.0, ಇವತ್ತು 58.6. ಎರಡನೇ ಮೂರನೇ ರಾತ್ರಿ ಎರಡೆರಡು ಸಲ ಬಾತ್‌ರೂಮಿಗೆ ಎದ್ದೆ. ಉಂಗುರ ತಾನಾಗಿ ತಿರುಗ್ತಿದೆ. ಟೇಪಿಂದ ಹೊಕ್ಕುಳ ಹತ್ತಿರ ಅಳೆದೂ ನೋಡಿದ್ದೆ. ಮುಟ್ಟಾದ ದಿನ ಬೆಳಿಗ್ಗೆ 81 ಸೆಂ.ಮೀ., ರಾತ್ರಿ 85. ಇವತ್ತು ಬೆಳಿಗ್ಗೆ 78.

ಅಂದ್ರೆ 59.3ರಿಂದ 58.6, 700 ಗ್ರಾಂ ನಿಜವಾಗಿ ಇಳಿದಿದ್ದೀನಿ, ಅಲ್ವಾ? 400 ಅಲ್ಲ, 1.9 ಕೆಜಿಯೂ ಅಲ್ಲ?

ಫಿಟ್ನೆಸ್ ತಮ್ಮ, ಕುಶಾಲನಗರ

ಲೆಕ್ಕ ನಾನು ಹಾಕ್ತೀನಿ. 700 ಗ್ರಾಂ ಅಂದ್ರೆ ಸುಮಾರು 5400 ಕ್ಯಾಲೊರಿ, 28 ದಿನಕ್ಕೆ ಹಂಚಿದ್ರೆ ದಿನಕ್ಕೆ 190. ನಾಲ್ಕು ಲೋಟದ ಎಂಟು ಚಮಚ ಸಕ್ಕರೆಯೇ 160 ಆಯ್ತು! ಅಕ್ಕ, ನೀವು ಪಂದಿ ಕರಿ ಸುಮ್ಮನೆ ಬಿಟ್ರಿ 😂

ನಿವೃತ್ತ ಸಿಸ್ಟರ್, ಮಡಿಕೇರಿ

ಹೌದು, 700 ಅಂತ ಬರ್ಕೋ. ಹೆಚ್ಚುಕಮ್ಮಿ 700, ಯಾಕಂದ್ರೆ ಎಂಟನೇ ದಿನಕ್ಕೂ ಇನ್ನೂರು ಮುನ್ನೂರು ಗ್ರಾಂ ಆಚೆ ಈಚೆ ಇದ್ದೇ ಇರುತ್ತೆ. ಮುಂದಿನ ಸಲ 7, 8, 9 ಮೂರು ದಿನ ನೋಡಿ ಸರಾಸರಿ ತಗೋ. ಎದ್ದು ಬಾತ್‌ರೂಮಿಗೆ ಹೋಗಿ ಬಂದು, ಕಾಫಿಗೆ ಮೊದಲು, ಸ್ವೆಟರ್ ತೆಗೆದು. ಮಳೆಗಾಲದಲ್ಲಿ ನಮ್ಮ ಸ್ವೆಟರೇ ಅರ್ಧ ಕೆಜಿ. ತಕ್ಕಡಿ ಒಂದೇ ಜಾಗದಲ್ಲಿ ಸಮ ನೆಲದ ಮೇಲಿರಲಿ.

ನಿನ್ನ ಟೇಪಿನ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇದೆ. ಒಂದೇ ದಿನ ಬೆಳಿಗ್ಗೆ 81, ರಾತ್ರಿ 85. ಆ ನಾಲ್ಕು ಸೆಂಟಿಮೀಟರ್ ಕೊಬ್ಬೂ ಅಲ್ಲ, ಬಹುಪಾಲು ನೀರೂ ಅಲ್ಲ. ಅದು ಕರುಳು. ಪ್ರೊಜೆಸ್ಟರಾನ್ ಕರುಳನ್ನೂ ನಿಧಾನ ಮಾಡುತ್ತೆ, ಊಟ, ಮಲ, ಗಾಳಿ ಎಲ್ಲ ಒಳಗೇ ತಡೆಯುತ್ತೆ. ಗಾಳಿಗೆ ತೂಕ ಇಲ್ಲ, ಅದಕ್ಕೇ ಎಷ್ಟೋ ಜನ "ಹೊಟ್ಟೆ ಒಡೆಯೋ ಹಾಗೆ ಉಬ್ಬಿದೆ, ತೂಕ ಮಾತ್ರ ಅಷ್ಟೇ ಇದೆ" ಅಂತಾರೆ. ಅಂಥೋರಿಗೆ ಉಪ್ಪು ಬಿಡಿಸಿ ಪ್ರಯೋಜನ ಕಡಿಮೆ. ಮಲ ಸಲೀಸಾಗಿ ಹೋಗೋ ಹಾಗೆ ನೋಡ್ಕೋಬೇಕು, ಊಟ ಆದ ಮೇಲೆ ಸ್ವಲ್ಪ ನಡೀಬೇಕು.

ಹೊಲಿಗೆ ಮನೆ, ವಿರಾಜಪೇಟೆ

ಒಂದು ಅನುಮಾನ. ಮುಟ್ಟು ಶುರುವಾದ ತಕ್ಷಣ ಹಾರ್ಮೋನ್ ಬಿದ್ದಿರುತ್ತಲ್ಲ, ಆದ್ರೂ ಊತ ಅವತ್ತೇ ಯಾಕೆ ಜಾಸ್ತಿ? ಇವಳಿಗೂ ತೂಕ ಮುಟ್ಟಾದ ದಿನವೇ ತುದಿ ಮುಟ್ಟಿದೆ.

ನಿವೃತ್ತ ಸಿಸ್ಟರ್, ಮಡಿಕೇರಿ

ಒಳ್ಳೆ ಪ್ರಶ್ನೆ, ಇದಕ್ಕೆ ಪೂರ್ತಿ ಉತ್ತರ ನನ್ನ ಹತ್ತಿರ ಇಲ್ಲ. ಒಂದು ವರ್ಷ ಹೆಂಗಸರಿಂದ ದಿನಾ ಊತ ಬರೆಸಿಕೊಂಡ ಒಂದು ಅಧ್ಯಯನದಲ್ಲೂ ಊತ ತುದಿ ಮುಟ್ಟಿದ್ದು ಮುಟ್ಟಾದ ಮೊದಲ ದಿನವೇ. ಹಾರ್ಮೋನ್ ಜಾಸ್ತಿ ಇದ್ದೋರಿಗೆ ಊತ ಜಾಸ್ತಿ ಅಂತಲೂ ಕಂಡುಬರಲಿಲ್ಲ. ಮಳೆ ನಿಂತ ಮೇಲೂ ಹೊಳೆ ಒಂದು ದಿನ ಏರ್ತಾನೇ ಇರೋ ಹಾಗೆ ಅಂತ ನಾನು ಅಂದುಕೊಳ್ಳೋದು. ಒಬ್ಬರಿಗೆ ಊದಿ ಇನ್ನೊಬ್ಬರಿಗೆ ಯಾಕೆ ಊದಲ್ಲ ಅನ್ನೋದು ಬಗೆಹರಿದಿಲ್ಲ.

ತೋಟದ ಮನೆ ಆಂಟಿ, ಸಿದ್ದಾಪುರ (ಅಕ್ಟೋಬರ್ 11)

ಸಿಸ್ಟರ್ ಬೈದದ್ದಕ್ಕೆ ಹೋಗಿ ಬಂದೆ. ಸ್ಕ್ಯಾನ್ ಆಯ್ತು. ಏನೋ ಕಾಣ್ತಿದೆ, ರಕ್ತಪರೀಕ್ಷೆಯೂ ಬೇಕು ಅಂದಿದ್ದಾರೆ. ಸೋಮವಾರ ಮತ್ತೆ ಬರಲಿಕ್ಕೆ ಹೇಳಿದ್ದಾರೆ. ತಲಕಾವೇರಿಗೆ ಈ ಸಲ ಮಗ ಹೋಗ್ತಾನೆ.

ನಿವೃತ್ತ ಸಿಸ್ಟರ್, ಮಡಿಕೇರಿ

ಸೋಮವಾರ ಒಬ್ಬರೇ ಹೋಗಬೇಡಿ ಆಂಟಿ. ನಿಮಗೆ ಮೆಸೇಜ್ ಹಾಕಿದ್ದೀನಿ, ನೋಡಿ.

ಮಳೆಹುಡುಗಿ, ಗೋಣಿಕೊಪ್ಪ (ನವೆಂಬರ್ 8)

ಮತ್ತೆ ಬಂದೆ. ಈ ಸಲ ಕೊನೇ ವಾರ ಒಣಮೀನು, ಉಪ್ಪಿನಕಾಯಿ ಮುಟ್ಟಲಿಲ್ಲ. ಅಕ್ಟೋಬರ್ 31ಕ್ಕೆ ಮುಟ್ಟಾಯ್ತು, ಅವತ್ತು 59.4. ಏರಿದ್ದು ಒಂದೇ ಕೆಜಿ, ಉಂಗುರವನ್ನ ಸೋಪಿಲ್ಲದೆ ತೆಗೆದೆ. ಎದೆ ಮಾತ್ರ ಮೊದಲಿನಷ್ಟೇ ಭಾರ, ಅದರಲ್ಲಿ ಏನೂ ವ್ಯತ್ಯಾಸ ಇಲ್ಲ.

ಆದ್ರೆ 7, 8, 9ನೇ ದಿನದ ಸರಾಸರಿ 58.5. ಅಂದ್ರೆ ಈ ತಿಂಗಳು ಬರೀ 100 ಗ್ರಾಂ? ನೀರು ಅಂತ ಈಗ ನೆಪ ಹೇಳೋಕೂ ಆಗಲ್ಲ.

ಫಿಟ್ನೆಸ್ ತಮ್ಮ, ಕುಶಾಲನಗರ

ಅದನ್ನ ಪ್ಲಾಟೋ ಅಂತಾರೆ ಅಕ್ಕ, ದೇಹ ಒಗ್ಗಿಹೋಗಿದೆ. ವೇಟ್ ಟ್ರೈನಿಂಗ್ ಶುರು ಮಾಡಿ.

ನಿವೃತ್ತ ಸಿಸ್ಟರ್, ಮಡಿಕೇರಿ

ಒಂದು ತಿಂಗಳಿಗೆ ಆ ಹೆಸರು ಬೇಡ ತಮ್ಮಾ. ಕಳೆದ ಸಲ ಅವಳು ನೋಡಿದ್ದು ಒಂದೇ ದಿನ, ಅದು ಇದ್ದದ್ದಕ್ಕಿಂತ ಕಡಿಮೆ ತೋರಿಸಿರಬಹುದು. ಮಳೆಹುಡುಗಿ, ಸತ್ಯ ಹೇಳು. ಅಕ್ಟೋಬರಲ್ಲಿ ಏನಾದ್ರೂ ಬದಲಾಯ್ತಾ?

ಮಳೆಹುಡುಗಿ, ಗೋಣಿಕೊಪ್ಪ

ಎರಡು ಮದುವೆ. ಆಮೇಲೆ... ಸಾಯಂಕಾಲದ ಕಾಫಿಗೆ ಸಕ್ಕರೆ ವಾಪಸ್ ಬಂದಿದೆ. ಒಂದೇ ಚಮಚ.

ಫಿಟ್ನೆಸ್ ತಮ್ಮ, ಕುಶಾಲನಗರ

ಒಂದೇ ಚಮಚ 🙂

ಹೊಲಿಗೆ ಮನೆ, ವಿರಾಜಪೇಟೆ

ಮಳೆಹುಡುಗಿ, ಪುತ್ತರಿಗೆ ರವಿಕೆ ಹೊಲಿಸಬೇಕು ಅಂದಿದ್ರಲ್ಲ. ಬಟ್ಟೆ ತಂದು ಕೊಡಿ, ಆಮೇಲೆ ರಷ್ ಆಗುತ್ತೆ. ಅಳತೆಗೆ ಯಾವಾಗ ಬರ್ತೀರಾ?

ಮಳೆಹುಡುಗಿ, ಗೋಣಿಕೊಪ್ಪ

ನಾಳೆ ಹತ್ತನೇ ದಿನ ಅಕ್ಕ, ನಾಳೆಯೇ ಬರ್ತೀನಿ. ಆದ್ರೆ ಪುತ್ತರಿ ಹೊತ್ತಿಗೆ ನನ್ನ ಡೇಟ್ ಹತ್ತಿರ ಇರುತ್ತೆ. ಎರಡೂ ಕಡೆ ಅರ್ಧ ಇಂಚು ಒಳಗೆ ಬಿಡಿ.